ಸೇಫ್ಟಿ ವಾಲ್ವ್ ಇದ್ದ ಜಾಗ

ಮೊದಲು ನಾನು ನಾಲ್ಕೇ ಸಾಲು ಬರೆದಿದ್ದೆ. ಅಮ್ಮನನ್ನು ನೋಡಿಕೊಳ್ಳಲು ಬಂದಿದ್ದ ನಾದಿನಿ ಓದಿ ಹಾಳೆಯನ್ನು ಮೇಜಿನ ಮೇಲೆ ಎಸೆದಳು.

"ಏನ್ ಅತ್ತಿಗೆ ಇದು, ರಜಾ ಚೀಟಿ ಬರೆದಂಗಿದೆ. ಎಂ.ಎ. ಓದಿದೋರು ನೀವು. ಅಮ್ಮನ ಕೈ ಬೆಂದಿದೆ, ನೆಗಡಿ ಬಂದಿರೋದಲ್ಲ."

ಅವಳು ಹೇಳುತ್ತಾ ಹೋದಳು, ನಾನು ಬರೆಯುತ್ತಾ ಹೋದೆ. ಎರಡನೆಯ ಪ್ರತಿ ಹೀಗಿತ್ತು:

"ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ.

ನಿಮ್ಮ ಕಂಪನಿಯ ಐದು ಲೀಟರಿನ ಅಲ್ಯೂಮಿನಿಯಂ ಪ್ರೆಷರ್ ಕುಕ್ಕರನ್ನು ನಾಲ್ಕು ವರ್ಷಗಳ ಹಿಂದೆ ನಿಮ್ಮ ಅಧಿಕೃತ ಮಾರಾಟಗಾರರ ಅಂಗಡಿಯಲ್ಲಿ ಕೊಂಡಿದ್ದೇವೆ. ತಳದಲ್ಲಿ ಅಚ್ಚಾಗಿರುವ ಸಂಖ್ಯೆಯನ್ನು ಕೊನೆಯಲ್ಲಿ ಕೊಟ್ಟಿದ್ದೇನೆ. ಬಿಲ್ಲನ್ನು ಹುಡುಕುತ್ತಿದ್ದೇವೆ. ಕಳೆದ ವರ್ಷ ಅದೇ ಅಂಗಡಿಯ ಸರ್ವಿಸ್ ಕೌಂಟರಿನಲ್ಲಿ ಗ್ಯಾಸ್ಕೆಟ್ ಮತ್ತು ಸೇಫ್ಟಿ ವಾಲ್ವ್ ಬದಲಾಯಿಸಿಕೊಂಡೆವು. ಈ ತಿಂಗಳ ಒಂಬತ್ತರಂದು ಬೆಳಗ್ಗೆ ಹತ್ತೂಕಾಲಿಗೆ, ಕಡಲೆ ಬೇಯಲು ಇಟ್ಟಿದ್ದಾಗ, ಮುಚ್ಚಳ ಸಿಡಿಯಿತು. ಸ್ಟೌ ಆರಿಸಲು ಕೈ ಚಾಚಿದ್ದ ನನ್ನ ಅತ್ತೆಯವರಿಗೆ, ವಯಸ್ಸು ಅರವತ್ತೆರಡು, ಬಲಗೈ ಮೊಣಕೈಯಿಂದ ಬೆರಳುಗಳವರೆಗೆ ಸುಟ್ಟಿದೆ. ಕತ್ತಿನ ಬಲಭಾಗವೂ ಸುಟ್ಟಿದೆ. ಮುಚ್ಚಳದ ಅಂಚು ಬಡಿದು ಬಲಗೈ ಹೆಬ್ಬೆರಳಿನ ಮೂಳೆ ಮುರಿದಿದೆ. ಹೆಬ್ಬೆರಳು ಮಡಚಬೇಕಾದರೆ ಇನ್ನೊಂದು ಶಸ್ತ್ರಚಿಕಿತ್ಸೆ ಬೇಕೆಂದು ವೈದ್ಯರು ಬರೆದುಕೊಟ್ಟಿದ್ದಾರೆ. ಅತ್ತೆಯವರು ಬಟ್ಟೆ ಹೊಲಿದು ಜೀವನ ಮಾಡುವವರು. ಚಿಕಿತ್ಸೆಯ ಹೊಣೆಯನ್ನು ಕಂಪನಿ ಹೊರಬೇಕೆಂದು ಕೇಳುತ್ತಿದ್ದೇವೆ.

ಕುಕ್ಕರನ್ನು ಸೂಚನಾ ಪುಸ್ತಕದಲ್ಲಿರುವಂತೆಯೇ ಬಳಸಲಾಗಿದೆ. ಯಾವ ಬದಲಾವಣೆಯನ್ನೂ ಮಾಡಿಲ್ಲ. ಸಿಡಿದಾಗ ಸೇಫ್ಟಿ ವಾಲ್ವ್ ಹಾರಿಹೋಗಿದೆ, ಸಿಕ್ಕಿಲ್ಲ."

ಕೊನೆಯ ಮೂರು ವಾಕ್ಯಗಳು ಸುಳ್ಳು. ನಾದಿನಿಗೆ ಅದು ಗೊತ್ತಿರಲಿಲ್ಲ. ಅವಳು ಕೇಳಿದಳು, ನಾನು ಹೂಂ ಎಂದೆ, ಬರೆದೆ. ಅಕ್ಷರ ಎಂದಿನಂತೆ ದುಂಡಗೆ ಬಂದವು.

ಮುಚ್ಚಳದಲ್ಲಿ ಆ ದಿನ ಸೇಫ್ಟಿ ವಾಲ್ವ್ ಇರಲೇ ಇಲ್ಲ. ಅದರ ಜಾಗದಲ್ಲಿ ಒಂದು ಕಬ್ಬಿಣದ ಬೋಲ್ಟು ಇತ್ತು. ಎಂಟು ತಿಂಗಳಿಂದ ಇತ್ತು. ಹಾಕಿದ್ದು ನನ್ನ ಗಂಡ.

ಅದಕ್ಕೂ ಕಾರಣ ನಾನೇ. ಆಗ ನಾನು ಪಾಠ ಹೇಳುವ ಕೆಲಸಕ್ಕೆ ಅರ್ಜಿ ಹಾಕಿದ್ದೆ. ಒಂದು ಭಾನುವಾರ ಓದುತ್ತಾ ಕುಳಿತು, ಕುಕ್ಕರಿನ ತಳಕ್ಕೆ ನೀರು ಹಾಕುವುದನ್ನೇ ಮರೆತಿದ್ದೆ. ವಾಲ್ವ್ ಕರಗಿ ಬುಸ್ಸೆಂದಿತು. ಅವನು ನಗುತ್ತಾ ಅದನ್ನು ಬಿಚ್ಚಿದ, ಎಲ್ಲಿಂದಲೋ ಒಂದು ಬೋಲ್ಟು, ವಾಷರು ತಂದ, ಒಳಗಿನಿಂದ ನಟ್ಟು ಬಿಗಿದ.

"ಈಗ ಮನೆ ಬಿದ್ರೂ ಇದು ಬೀಳಲ್ಲ ನೋಡು," ಎಂದ. ಆಮೇಲೆ ನಗು ನಿಲ್ಲಿಸಿ ಹೇಳಿದ. "ಎರಡೇ ದಿನ. ಹೊಸ ವಾಲ್ವ್ ತರ್ತೀನಿ. ಅಲ್ಲೀವರೆಗೆ ಎದುರಿಗೇ ನಿಂತು ಬೇಯಿಸು. ವಿಸಲ್ ಬರದಿದ್ರೆ ತಕ್ಷಣ ಆರಿಸಿಬಿಡು. ಪುಸ್ತಕ ಹಿಡ್ಕೊಂಡು ಕೂತ್ಕೋಬೇಡ ತಾಯಿ."

ಮಂಗಳವಾರ ಸಂಜೆ ಆಫೀಸಿನ ಮೆಟ್ಟಿಲಿಳಿಯುವಾಗ ಕುಸಿದು ಬಿದ್ದ. ಆಸ್ಪತ್ರೆ ತಲುಪುವಷ್ಟರಲ್ಲಿ ಮುಗಿದಿತ್ತು. ಮೂವತ್ತಮೂರು ವರ್ಷ. ಅವನ ಚೀಲವನ್ನು ಸಹೋದ್ಯೋಗಿಯೊಬ್ಬರು ತಂದುಕೊಟ್ಟರು. ನಾನು ಅದನ್ನು ಕೋಣೆಯ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದೆ. ತೆಗೆದು ನೋಡಲಿಲ್ಲ.

ಬೋಲ್ಟನ್ನು ಮಾತ್ರ ದಿನವೂ ನೋಡುತ್ತಿದ್ದೆ. ಮುಚ್ಚಳ ತಿಕ್ಕುವಾಗ ಬೆರಳಿಗೆ ತಾಗುತ್ತಿತ್ತು. ವಾಲ್ವ್ ತರಬೇಕು ಎಂದು ಮೊದಲ ತಿಂಗಳು ಅಂದುಕೊಂಡಿದ್ದೆ. ಆಮೇಲೆ ಅದನ್ನೂ ಬಿಟ್ಟೆ. ಅವನು ಬಿಗಿದದ್ದನ್ನು ಬಿಚ್ಚುವುದು ನನ್ನಿಂದಾಗದು ಎನ್ನುವುದು ನಾನು ನನಗೆ ಹೇಳಿಕೊಂಡ ಮಾತು. ನಿಜ ಅದಕ್ಕಿಂತ ಸಣ್ಣದು. ಅಂಗಡಿಗೆ ಹೋಗಿ ಬಾಯಿ ಬಿಟ್ಟು ಒಂದು ವಸ್ತು ಕೇಳುವುದು ನನಗೆ ಬೇಡವಾಗಿತ್ತು.

ಒಂಬತ್ತನೇ ತಾರೀಕು ಕಡಲೆ ಇಟ್ಟು ಹಿತ್ತಲ ಮೆಟ್ಟಿಲಿನ ಮೇಲೆ ಕುಳಿತಿದ್ದೆ. ಓದುತ್ತಿರಲಿಲ್ಲ. ಏನೂ ಮಾಡುತ್ತಿರಲಿಲ್ಲ. ಅತ್ತೆ ಹೊಲಿಗೆ ಯಂತ್ರದ ಮುಂದಿನಿಂದ ಕೂಗಿದರು.

"ವಿಸಲ್ ಬಂತೇನೇ?"

"ಹೂಂ."

"ಎಷ್ಟು?"

"ಹೂಂ," ಎಂದೆ ಮತ್ತೆ.

ಒಂದೂ ಬಂದಿರಲಿಲ್ಲ. ಅತ್ತೆ ಎದ್ದ ಸದ್ದು ಕೇಳಿತು. "ಇವಳ ಹೂಂ ನಂಬ್ಕೊಂಡ್ರೆ ಕಡಲೆ ಅಲ್ಲ, ಕಲ್ಲು ತಿನ್ಬೇಕು," ಎಂದು ಗೊಣಗುತ್ತಾ ಅಡುಗೆಮನೆಗೆ ಹೋದರು. ನಾನು ಎದ್ದಿದ್ದು ಆಮೇಲೆ.

ಅವರು ಆಸ್ಪತ್ರೆಯಲ್ಲಿದ್ದಾಗ ಮನೆಗೆ ಬಟ್ಟೆ ಒಯ್ಯಲು ಬಂದೆ. ಗೋಡೆಯ ತುಂಬ ಕಡಲೆ ಅಂಟಿತ್ತು. ಮುಚ್ಚಳ ಪಾತ್ರೆ ಕಪಾಟಿನ ಕೆಳಗೆ ಬಿದ್ದಿತ್ತು, ಒಂದು ಬದಿ ಮೇಲಕ್ಕೆ ಬಾಗಿತ್ತು. ಬೋಲ್ಟು ಅಲ್ಲಾಡಿರಲಿಲ್ಲ. ಬೇರೆಲ್ಲ ಹಾಳಾಗಿ ಅದೊಂದು ಭದ್ರವಾಗಿತ್ತು. ಸ್ಪ್ಯಾನರ್ ಹುಡುಕಿ ಬಿಚ್ಚಿದೆ. ಎಂಟು ತಿಂಗಳಲ್ಲಿ ನಾನು ಅಷ್ಟು ಚುರುಕಾಗಿ ಮಾಡಿದ ಕೆಲಸ ಅದೊಂದೇ. ಬೋಲ್ಟನ್ನು ಹೊಲಿಗೆ ಯಂತ್ರದ ಖಾನೆಯಲ್ಲಿ, ಗುಂಡಿಗಳ ಡಬ್ಬಿಯ ತಳದಲ್ಲಿ ಹಾಕಿದೆ. ಸತ್ತವನ ತಪ್ಪನ್ನು ಯಾರೂ ಎತ್ತಿ ಆಡಬಾರದು ಎಂದುಕೊಂಡೆ. ಅದು ಒಳ್ಳೆಯ ಕಾರಣದಂತೆ ಕಂಡಿತು.

ಕಂಪನಿಯ ಉತ್ತರ ಹನ್ನೆರಡನೆಯ ದಿನ ಬಂತು. ವಿಷಾದ ವ್ಯಕ್ತಪಡಿಸಿದ್ದರು. ಕುಕ್ಕರನ್ನು ಯಾರೂ ಮುಟ್ಟಬಾರದು, ನಮ್ಮ ಎಂಜಿನಿಯರ್ ಮನೆಗೇ ಬಂದು ಪರೀಕ್ಷಿಸುತ್ತಾರೆ, ಸರ್ವಿಸ್ ಮಾಡಿದ ಕೌಂಟರಿನವರೂ ಜೊತೆಗಿರುತ್ತಾರೆ, ಮೂಲ ಬಿಲ್ಲನ್ನು ಸಿದ್ಧವಾಗಿಡಿ ಎಂದು ಬರೆದಿದ್ದರು.

ಕಪಾಟು, ಪೆಟ್ಟಿಗೆ, ಹಾಸಿಗೆಯ ಕೆಳಗೆ ಎಲ್ಲ ಹುಡುಕಿಯಾಯಿತು. ಉಳಿದದ್ದು ಬಾಗಿಲ ಹಿಂದಿನ ಚೀಲ. ಎಂಜಿನಿಯರ್ ಬರುವ ದಿನ ಬೆಳಗ್ಗೆ ಅದನ್ನು ಇಳಿಸಿದೆ.

ಊಟದ ಡಬ್ಬಿ ಇತ್ತು. ತೊಳೆಯದ ಡಬ್ಬಿ, ನಾನು ತೆರೆಯಲಿಲ್ಲ. ಒಂದು ಕೊಡೆ. ಒಳಗಿನ ಜೇಬಿನಲ್ಲಿ ಕುಕ್ಕರಿನ ಬಿಲ್ಲು, ಗ್ಯಾರಂಟಿ ಕಾರ್ಡು. ಮಾದರಿ ಸಂಖ್ಯೆ ತೋರಿಸಬೇಕೆಂದು ಒಯ್ದಿದ್ದಾನೆ. ಅದರ ಮಡಿಕೆಯೊಳಗೆ ಪ್ಲಾಸ್ಟಿಕ್ಕಿನ ಪುಟ್ಟ ಪೊಟ್ಟಣ. ಒಳಗೆ ಹಿತ್ತಾಳೆಯ ವಾಲ್ವ್, ಕಂಪನಿಯ ಮುದ್ರೆ. ಪೊಟ್ಟಣಕ್ಕೆ ಪಿನ್ನು ಹೊಡೆದ ಚೀಟಿಯಲ್ಲಿ ಆ ಮಂಗಳವಾರದ ತಾರೀಕು.

ಎರಡೇ ದಿನ ಎಂದಿದ್ದ. ಎರಡೇ ದಿನಕ್ಕೆ ತಂದಿದ್ದ.

ನಾನು ಚೀಲದ ಪಕ್ಕ ನೆಲದ ಮೇಲೆ ಕುಳಿತೆ. ವಾಲ್ವ್ ಒಲೆಯಿಂದ ಹದಿನೈದು ಹೆಜ್ಜೆ ದೂರದಲ್ಲಿ ಎಂಟು ತಿಂಗಳು ನೇತಾಡುತ್ತಿತ್ತು. ನಾನು ದೂರು ಬರೆದದ್ದು ಅವನ ತಪ್ಪನ್ನು ಮುಚ್ಚಲು. ಮುಚ್ಚಬೇಕಾದದ್ದು ಅವನದಾಗಿರಲಿಲ್ಲ.

ಅಳು ಬರಲಿಲ್ಲ. ಪೊಟ್ಟಣವನ್ನು ರವಿಕೆಯೊಳಗೆ ಸೇರಿಸಿದೆ. ಬಿಲ್ಲನ್ನು ಮೇಜಿನ ಮೇಲಿಟ್ಟೆ.

ಹನ್ನೊಂದು ಗಂಟೆಗೆ ಅವರು ಬಂದರು. ಎಂಜಿನಿಯರ್‌ಗೆ ನಲವತ್ತರ ಸುಮಾರು, ಬಾಗಿಲಲ್ಲೇ ಬೂಟು ಬಿಚ್ಚಿ, ಅತ್ತೆಯ ಕೈ ನೋಡಿ ತಲೆ ತಗ್ಗಿಸಿದರು. ಜೊತೆಗೆ ಬಂದವರು ಸರ್ವಿಸ್ ಕೌಂಟರಿನ ಮುದುಕ. ಬೀದಿಯ ಮಕ್ಕಳೆಲ್ಲ ಅವರನ್ನು ವಿಸಲ್ ತಾತ ಎನ್ನುತ್ತಾರೆ. ಮುಂದಿನ ಎರಡು ಹಲ್ಲಿಲ್ಲ, ಮಾತಾಡಿದರೆ ಸೀಟಿ ಹೊಡೆದಂತೆ ಕೇಳುತ್ತದೆ. ಸಾಮಾನಿನ ಚೀಲವನ್ನು ಎದೆಗೆ ಅವಚಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತರು.

"ಒಳಗೆ ಬನ್ನಿ ತಾತ, ನೀವು ಹಾಕಿದ್ದನ್ನ ನೀವೇ ನೋಡಿ," ಎಂದಳು ನಾದಿನಿ.

ಎಂಜಿನಿಯರ್ ನೆಲದ ಮೇಲೆ ಬಿಳಿ ಬಟ್ಟೆ ಹಾಸಿ ಮುಚ್ಚಳವಿಟ್ಟರು. ವಿಸಲ್ ಕೂರುವ ಕೊಳವೆಯನ್ನು ಟಾರ್ಚಿಗೆ ಹಿಡಿದರು. ಬೆಳಕು ಆಚೆ ಬರಲಿಲ್ಲ. ಸಣ್ಣ ತಂತಿ ಹಾಕಿ ಎಳೆದಾಗ ಕಡಲೆಯ ಸಿಪ್ಪೆ ಒಣಗಿ ಸುರುಳಿಯಾಗಿ ಬಂತು.

"ಇದು ಕಟ್ಕೊಂಡಿದೆ. ಅದಕ್ಕೇ ವಿಸಲ್ ಬಂದಿಲ್ಲ. ಹೀಗೆ ಆಗೋದುಂಟು, ಕಾಳು ಬೇಯಿಸುವಾಗ ಜಾಸ್ತಿ. ಆವಿ ಹೋಗೋಕೆ ದಾರಿ ಇಲ್ದೇ ಒತ್ತಡ ಏರ್ತಾ ಹೋಗತ್ತೆ. ಆಗಲೇ ಸೇಫ್ಟಿ ವಾಲ್ವ್ ಕೆಲಸ ಮಾಡ್ಬೇಕು. ಅದರ ನಡುವಿನ ಲೋಹ ಕರಗಿ ಆವಿ ಆಚೆ ಹೋಗತ್ತೆ. ಅಡುಗೆಮನೆ ಗಲೀಜಾಗತ್ತೆ ಅಷ್ಟೇ, ಮನುಷ್ಯರಿಗೇನೂ ಆಗಲ್ಲ."

"ಅದು ಹಾರಿಹೋಗಿದೆ ಅಂತ ಬರೆದಿದೀವಲ್ಲ," ಎಂದಳು ನಾದಿನಿ.

ಅವರು ಆ ತೂತಿನ ಮೇಲೆ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

"ಕಿತ್ಕೊಂಡು ಹಾರಲ್ಲಮ್ಮ ಅದು. ಒಳಗಡೆಯಿಂದ ನಟ್ ಬಿಗಿದಿರತ್ತೆ. ನಡುವಿನದು ಕರಗಿದ್ರೂ ವಾಲ್ವ್ ಅಲ್ಲೇ ಕೂತಿರತ್ತೆ. ಒತ್ತಡಕ್ಕೆ ಕಿತ್ತಿದ್ರೆ ತೂತಿನ ಅಂಚು ಹರೀಬೇಕು. ಹರಿದಿಲ್ಲ." ಬೆರಳಿನಿಂದ ತೂತಿನ ಸುತ್ತ ಮುಟ್ಟಿ ತೋರಿಸಿದರು. ಬೆರಳ ತುದಿಗೆ ಕಂದು ಬಣ್ಣ ಹತ್ತಿತು. "ಇದು ತುಕ್ಕು. ನಮ್ಮ ವಾಲ್ವ್ ಹಿತ್ತಾಳೆ. ಮುಚ್ಚಳ ಅಲ್ಯೂಮಿನಿಯಂ. ಎರಡಕ್ಕೂ ತುಕ್ಕು ಹಿಡಿಯಲ್ಲ. ಇಲ್ಲಿ ಕಬ್ಬಿಣದ್ದು ಏನೋ ಬಹಳ ದಿನ ಇತ್ತು."

ಎಂಜಿನಿಯರ್ ನನ್ನ ಕಡೆ ತಿರುಗಲಿಲ್ಲ. ತಾತನ ಕಡೆ ತಿರುಗಿದರು.

"ತಾತ, ಹೋದ ವರ್ಷ ನೀವೇ ಹಾಕಿದ್ದಲ್ವಾ? ಎಲ್ಲಿಂದ ತಂದ ಮಾಲು ಅದು?"

"ಕಂಪನಿದೇ ಸಾರ್. ನಾನು ಬೇರೇದು ಮುಟ್ಟೋದೇ ಇಲ್ಲ."

"ಹಿತ್ತಾಳೆ ಬಣ್ಣ ಬಳಿದ ಕಬ್ಬಿಣದ್ದು ಮಾರ್ಕೆಟ್ಟಲ್ಲಿ ಬೇಕಾದಷ್ಟಿದೆ."

"ನೋಡಿದ್ರಾ! ಡೂಪ್ಲಿಕೇಟ್!" ನಾದಿನಿಯ ಧ್ವನಿ ಏರಿತು. "ನಾಲ್ಕು ಕಾಸಿನಾಸೆಗೆ ನಮ್ಮಮ್ಮನ ಕೈ ತೆಗೆದ್ರಲ್ಲ ತಾತ. ನಿಮ್ಮ ಮೊಮ್ಮಗಳ ಲಂಗ ಹೊಲಿದ ಕೈ ಅದು."

ಎಂಜಿನಿಯರ್ ಕಾಗದದಲ್ಲಿ ಏನೋ ಬರೆಯತೊಡಗಿದರು. "ನಾನು ಕಂಡಿದ್ದನ್ನ ಬರೀಬೇಕಾಗತ್ತೆ ತಾತ. ಡೂಪ್ಲಿಕೇಟ್ ಹಾಕಿದ್ದು ಅಂತಾದ್ರೆ ಕೌಂಟರ್ ನಿಮ್ಮ ಕೈಲಿರಲ್ಲ. ಇವರ ಚಿಕಿತ್ಸೆ ಕಂಪನಿ ನೋಡ್ಕೊಳ್ಳತ್ತೆ, ಆ ಮಾತು ಬೇರೆ."

ತಾತ ಬಟ್ಟೆಯ ಬಳಿ ಮಂಡಿಯೂರಿ ಕುಳಿತು ಮುಚ್ಚಳವನ್ನು ಕಣ್ಣಿನ ಹತ್ತಿರ ಹಿಡಿದರು. ಇನ್ನೂ ಹತ್ತಿರ ಹಿಡಿದರು.

"ಕಣ್ಣು ಈಗೀಗ ಮಂಜು ಸಾರ್," ಎಂದರು. ಸೀಟಿಯ ಸದ್ದು ಸಣ್ಣಗೆ ಬಂತು. "ಡಬ್ಬದಲ್ಲಿ ಯಾವುದೋ ಸೇರ್ಕೊಂಡಿತ್ತೇನೋ. ಗೊತ್ತಾಗದೇ ಹಾಕ್ಬಿಟ್ಟಿರ್ಬೋದು. ಅಮ್ಮಾ..." ಎಂದು ಅತ್ತೆಯ ಕಡೆ ನೋಡಿದರು. "ತಪ್ಪಾಗಿದೆ ತಾಯಿ."

ಮಾಡದ ತಪ್ಪನ್ನು ಅವರು ನೆನಪಿಸಿಕೊಳ್ಳುತ್ತಿದ್ದರು. ಇನ್ನೆರಡು ನಿಮಿಷ ಬಿಟ್ಟರೆ ಪೂರ್ತಿ ನೆನಪಾಗಿಬಿಡುತ್ತಿತ್ತು.

ನಾನು ಹೊಲಿಗೆ ಯಂತ್ರದ ಖಾನೆ ಎಳೆದೆ. ಗುಂಡಿಯ ಡಬ್ಬಿಯನ್ನು ತಂದು ಬಿಳಿ ಬಟ್ಟೆಯ ಮೇಲೆ ಮಗುಚಿದೆ. ಗುಂಡಿಗಳು ನಾಲ್ಕೂ ಕಡೆ ಉರುಳಿದವು. ಬೋಲ್ಟು ಉರುಳದೆ ಅಲ್ಲೇ ನಿಂತಿತು.

"ಇದು ಇದ್ದಿದ್ದು," ಎಂದೆ. "ನಾನು ಆಮೇಲೆ ಬಿಚ್ಚಿದೆ. ದೂರಲ್ಲಿ ಬರೆದಿದ್ದು ಸುಳ್ಳು."

"ಅತ್ತಿಗೆ?"

"ತಾತ, ನೀವು ಹಾಕಿದ್ದು ಕಂಪನಿದೇ. ಚೆನ್ನಾಗೇ ಕೆಲಸ ಮಾಡ್ತು. ನಾನು ನೀರಿಲ್ದೇ ಕುಕ್ಕರ್ ಇಟ್ಟಿದ್ದೆ, ಅದು ಕರಗಿ ಆವಿ ಬಿಡ್ತು. ಆಮೇಲೆ ಈ ಬೋಲ್ಟ್ ಹಾಕಿದ್ದು."

ತಾತ ಬೋಲ್ಟನ್ನು ಎತ್ತಿಕೊಂಡು ತೂತಿಗಿಟ್ಟು ನೋಡಿದರು. ಸರಿಯಾಗಿ ಕೂತಿತು. ಅವರ ಗಂಟಲಿನಿಂದ ಉಸಿರೊಂದು ಹೊರಬಂತು. ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಯಾರು ಹಾಕಿದ್ದು?" ಎಂಜಿನಿಯರ್ ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಅತ್ತೆಯ ಧ್ವನಿ ಬಂತು. ಅವರು ಬಾಗಿಲ ಚೌಕಟ್ಟಿಗೆ ಒರಗಿದ್ದರು, ಬ್ಯಾಂಡೇಜಿನ ಕೈಯನ್ನು ಎದೆಯ ಮೇಲೆ ಮಗುವಿನಂತೆ ಹಿಡಿದಿದ್ದರು.

"ನನ್ನ ಮಗ. ಬೋಲ್ಟ್ ನಂದು. ಮಿಷನ್ ಸ್ಟ್ಯಾಂಡಿಂದು, ಹೆಚ್ಚಿಗೆ ಇಟ್ಕೊಂಡಿದ್ದೆ. ಅಮ್ಮಾ ಒಂದು ಬೋಲ್ಟ್ ಕೊಡು ಅಂದ, ಕೊಟ್ಟೆ. ಯಾತಕ್ಕೆ ಅಂತ ಕೇಳ್ಲಿಲ್ಲ. ಆಮೇಲೆ ಮುಚ್ಚಳದ ಮೇಲೆ ನೋಡ್ದೆ." ನನ್ನ ಕಡೆ ನೋಡದೆ ಹೇಳಿದರು. "ಆಸ್ಪತ್ರೆಯಿಂದ ಬಂದ ದಿನಾನೇ ಡಬ್ಬಿಯಲ್ಲಿ ವಾಪಸ್ ಬಂದು ಕೂತಿತ್ತು. ಯಾರು ಇಟ್ಟಿದ್ದು ಅಂತ ಕೇಳೋ ಹಾಗಿರಲಿಲ್ಲ. ಮನೇಲಿ ಇರೋದೇ ಇಬ್ರು."

"ಅಮ್ಮ, ನಿಂಗೂ ಗೊತ್ತಿತ್ತಾ? ನಾನೊಬ್ಬಳೇ ಹುಚ್ಚಿ ಹಂಗೆ ಕೂಗಾಡ್ತಿದ್ನಾ ಇಷ್ಟು ದಿನ?"

"ನಿನ್ನಣ್ಣನ ಹೆಸರು ಯಾರದೋ ಫೈಲಲ್ಲಿ ಹೀಗೆ ಕೂತ್ಕೊಳ್ಳೋದು ಬೇಡ ಅನ್ನಿಸ್ತು ಕಣೇ."

ನಾದಿನಿ ಗೋಡೆಗೆ ಹಣೆ ಒತ್ತಿ ನಿಂತಳು. ಗೋಡೆಯಲ್ಲಿ ಇನ್ನೂ ಹಳದಿ ಕಲೆಗಳಿದ್ದವು. ಯಾರನ್ನೂ ಅಲ್ಲ ಎಂಬಂತೆ ಕೇಳಿದಳು. "ಹಾಕಿದ್ದೇನೋ ಹಾಕ್ದ. ಹೊಸದು ತರ್ಬೇಕು ಅಂತ ಅವನಿಗೆ ಹೊಳೀಲೇ ಇಲ್ವಾ? ಅಷ್ಟು ಬೇಜವಾಬ್ದಾರಿನಾ ನಮ್ಮಣ್ಣ?"

ಇಲ್ಲಿಗೆ ನಿಲ್ಲಿಸಬಹುದಿತ್ತು. ತಾತ ಆಪಾದನೆಯಿಂದ ಪಾರಾಗಿದ್ದರು. ಇನ್ನೇನಿದ್ದರೂ ಸತ್ತವನ ಲೆಕ್ಕಕ್ಕೆ ಹೋಗುತ್ತಿತ್ತು, ಅವನು ಎದ್ದು ಬಂದು ಅಲ್ಲ ಎನ್ನುತ್ತಿರಲಿಲ್ಲ. ಅತ್ತೆ ಅದನ್ನು ಆಗಲೇ ನುಂಗಿಕೊಂಡಿದ್ದರು. ಮಗನ ಬೋಲ್ಟು, ತಾನು ಕೊಟ್ಟ ಬೋಲ್ಟು, ತನ್ನ ಕೈ.

ಪೊಟ್ಟಣ ನನ್ನ ಮೈಯ ಬಿಸಿಗೆ ಬೆಚ್ಚಗಾಗಿತ್ತು. ಹೊರತೆಗೆದೆ.

"ತಂದಿದ್ದ," ಎಂದೆ.

ಅತ್ತೆಯ ಎಡಗೈಯಲ್ಲಿಟ್ಟೆ. ಅವರು ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ತಾರೀಕು ಓದಿದರು. ಮತ್ತೊಮ್ಮೆ ಓದಿದರು.

"ಎಲ್ಲಿತ್ತು?"

"ಚೀಲದಲ್ಲಿ. ಬಾಗಿಲ ಹಿಂದೆ."

"ಯಾವಾಗ ನೋಡ್ದೆ?"

"ಇವತ್ತು ಬೆಳಗ್ಗೆ. ಅದಕ್ಕೆ ಮುಂಚೆ ತೆಗೀಲೇ ಇಲ್ಲ."

ಅವರು ನನ್ನನ್ನು ನೋಡಿದರು. ಆ ನೋಟವನ್ನು ಬರೆಯಲು ನನಗೆ ಬರುವುದಿಲ್ಲ. ಸಿಟ್ಟಾಗಿದ್ದರೆ ಬರೆಯಬಹುದಿತ್ತು.

"ವಿಸಲ್ ಬಂತಾ ಅಂತ ಎರಡ್ ಸಲ ಕೇಳ್ದೆ ನಾನು," ಎಂದರು.

"ಹೌದು."

"ಹೂಂ ಅಂದೆ."

"ಹೌದು ಅತ್ತೆ."

ಅವರು ಪೊಟ್ಟಣವನ್ನು ಮೇಜಿನ ಮೇಲಿಟ್ಟರು.

ಎಂಜಿನಿಯರ್ ಕೆಮ್ಮಿದರು. ಗ್ರಾಹಕರೇ ಬದಲಾವಣೆ ಮಾಡಿದ್ದರೆ ಕಂಪನಿಗೆ ಹೊಣೆ ಬರುವುದಿಲ್ಲ, ಇದು ನಿಮಗೆ ಗೊತ್ತಿರಬೇಕು ಎಂದರು. ಗೊತ್ತು ಎಂದೆ. ಹೊಸ ಹೇಳಿಕೆ ಬರೆದುಕೊಡಬೇಕಾಗುತ್ತದೆ ಎಂದರು. ಕೊಡುತ್ತೇನೆ ಎಂದೆ. ಅವರು ತಮ್ಮ ಚೀಲದಿಂದ ಹೊಸ ನಮೂನೆ ತೆಗೆದು, ಹಳೆಯದನ್ನು ಮಡಚಿ, ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದಿದ್ದರು. ನಾನು ಆಡಿದ ಮಾತನ್ನು ಹಿಂದೆಗೆದುಕೊಳ್ಳುವುದಿದ್ದರೆ ಹಿಂದೆಗೆದುಕೊಳ್ಳಲಿ ಎಂದು ಕಾದರೇನೋ. ಆಮೇಲೆ ಮುಚ್ಚಳವನ್ನೂ ಬೋಲ್ಟನ್ನೂ ಒಂದೇ ಚೀಲಕ್ಕೆ ಹಾಕಿ ಅಂಟಿಸಿದರು.

ತಾತ ನೆಲದ ಮೇಲಿನ ಗುಂಡಿಗಳನ್ನು ಒಂದೊಂದಾಗಿ ಹೆಕ್ಕಿ ಡಬ್ಬಿಗೆ ಹಾಕುತ್ತಿದ್ದರು. ನಾನು ತಡೆಯಲು ಬಾಗಿದೆ.

"ಬಿಡಮ್ಮ. ಬಗ್ಗಿದ್ದೀನಲ್ಲ ಹೇಗೂ," ಎಂದರು.

ನಮೂನೆಯಲ್ಲಿ ಖರೀದಿಯ ವಿವರ ಎಂಬ ಭಾಗವಿತ್ತು. ಕುಕ್ಕರಿನ ಬಿಲ್ಲಿನ ಸಂಖ್ಯೆ, ತಾರೀಕು ಬರೆದೆ. ಕೆಳಗೆ ಬಿಡಿಭಾಗಗಳು ಎಂದಿತ್ತು. ಸೇಫ್ಟಿ ವಾಲ್ವ್, ಒಂದು. ಕೊಂಡವರು, ನನ್ನ ಗಂಡ. ಕೊಂಡ ದಿನ, ಆ ಮಂಗಳವಾರ. ಅದರ ಪಕ್ಕದ ಅಂಕಣ, ಅಳವಡಿಸಿದ ದಿನ. ಅಲ್ಲಿ "ಅಳವಡಿಸಿಲ್ಲ, ನನ್ನ ನಿರ್ಲಕ್ಷ್ಯದಿಂದ" ಎಂದು ಬರೆದೆ. ಅಂಕಣ ಚಿಕ್ಕದು. ಅಕ್ಷರ ಗೆರೆಯ ಆಚೆ ಹೋದವು.

ಕೊನೆಯಲ್ಲಿ ಗಾಯಗೊಂಡವರ ಸಹಿ ಬೇಕಾಗಿತ್ತು. ಅತ್ತೆ ಮೂವತ್ತು ದಾಟಿದ ಮೇಲೆ ಓದು ಬರಹ ಕಲಿತವರು. ಮಗ ಶಾಲೆಗೆ ಹೋಗುವಾಗ ಅವನ ಸ್ಲೇಟಿನಲ್ಲೇ ಕಲಿತದ್ದಂತೆ. ಹಾಲಿನವನ ಚೀಟಿಗೂ ಪೂರ್ತಿ ಸಹಿ ಹಾಕುತ್ತಿದ್ದರು. ಪೆನ್ನನ್ನು ಎಡಗೈಗೆ ತೆಗೆದುಕೊಂಡು ಒಂದು ಗೆರೆ ಎಳೆದರು. ಗೆರೆ ಅಡ್ಡಾದಿಡ್ಡಿ ಹೋಯಿತು. ಪೆನ್ನು ಕೆಳಗಿಟ್ಟರು.

"ಹೆಬ್ಬೆಟ್ಟು ಒತ್ತಿದ್ರೂ ಆಗತ್ತೆ," ಎಂದು ಎಂಜಿನಿಯರ್ ಶಾಯಿಯ ಪ್ಯಾಡು ತೆರೆದರು.

ನಾನು ಅವರ ಎಡಗೈ ಹಿಡಿದುಕೊಂಡೆ. ಹೆಬ್ಬೆರಳನ್ನು ಪ್ಯಾಡಿನ ಮೇಲೆ ಹೊರಳಿಸಿ, ಕಾಗದದ ಮೇಲೆ ನನ್ನ ಅಕ್ಷರಗಳ ಕೆಳಗೆ ಒತ್ತಿದೆ. ಅವರ ಬೆರಳು ತಣ್ಣಗಿತ್ತು. ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ತುದಿ, ಗುರುತು ಅರ್ಧವೇ ಮೂಡಿತು. ಇನ್ನೊಮ್ಮೆ ಒತ್ತಬೇಕಾಯಿತು.

"ನಂಗೆ ಬರೆಯೋಕೆ ಬರತ್ತೆ," ಎಂದರು ಅತ್ತೆ ಎಂಜಿನಿಯರಿಗೆ. "ಇದನ್ನ ನೋಡಿ ಬರಲ್ಲ ಅಂದ್ಕೋಬೇಡಿ."

"ಇಲ್ಲಮ್ಮ."

ನಾನು ಒದ್ದೆ ಬಟ್ಟೆ ತಂದು ಅವರ ಬೆರಳು ಒರೆಸತೊಡಗಿದೆ. ಶಾಯಿ ಉಗುರಿನ ಸಂದಿಗೆ ಇಳಿದಿತ್ತು. ಒರೆಸಿ ಮುಗಿಯುವ ಮೊದಲೇ ಅವರು ಕೈಯನ್ನು ಎಳೆದುಕೊಂಡರು. ವಾಲ್ವಿನ ಪೊಟ್ಟಣವನ್ನು ಮೇಜಿನಿಂದ ಎತ್ತಿಕೊಂಡು ತಮ್ಮ ಕೋಣೆಗೆ ಹೋದರು. ಬಾಗಿಲು ಹಾಕಲಿಲ್ಲ. ನಾನು ಒಳಗೆ ಹೋಗಲಿಲ್ಲ.